ರಾತ್ರಿ ಫೈಲ್‌ಗೂ ಬೆಳಗಿನ ಫೈಲ್‌ಗೂ ಟೋಟಲ್ ಹೊಂದದಿದ್ದಾಗ: ಎರಡು ಎಕ್ಸ್‌ಪೋರ್ಟ್ ಹೋಲಿಸುವ ಕ್ರಮ

ದೂರು ಸಾಮಾನ್ಯವಾಗಿ ಹೀಗೆ ಬರುತ್ತದೆ. ಹೋಟೆಲ್ ಮಾಲೀಕರು ಬೆಳಗ್ಗೆ ಫೋನ್ ಮಾಡಿ, "ಏನ್ರೀ ಇದು, ನಿನ್ನೆ ರಾತ್ರಿ ಮ್ಯಾನೇಜರ್ ಕಳಿಸಿದ ಲೆಕ್ಕ ಒಂದು, ಈಗ ನೀವು ತೆಗೆದ ಲೆಕ್ಕ ಇನ್ನೊಂದು. ತಾರೀಕು ಒಂದೇ ಅಲ್ವಾ?" ಅನ್ನುತ್ತಾರೆ. ತಾರೀಕು ಒಂದೇ, ನಿಜ. ಆದರೆ ಫೈಲ್ ತೆಗೆದ ಹೊತ್ತು ಬೇರೆ. ಆ ಎರಡು ಹೊತ್ತಿನ ನಡುವೆ ಏನೇನು ಆಯಿತು ಅಂತ ಸಾಲುಸಾಲಾಗಿ ತೋರಿಸಲು ಆದರೆ ವ್ಯತ್ಯಾಸ ಸರಿಯಾದದ್ದು. ತೋರಿಸಲು ಆಗದ ಒಂದು ಸಾಲು ಉಳಿದರೂ ಅದು ದೋಷ. ಅದನ್ನು ಪತ್ತೆ ಮಾಡುವ ಕ್ರಮ ಇಲ್ಲಿದೆ.

ಉದಾಹರಣೆಗೆ ಮೂರು ಶಾಖೆಗಳ ಒಂದು ಹೋಟೆಲ್ ಇಟ್ಟುಕೊಳ್ಳೋಣ. ಒಂದು ಬಸ್ ಸ್ಟ್ಯಾಂಡ್ ಹತ್ತಿರ. ಬೆಳಗ್ಗೆ 5ಕ್ಕೆ ತೆರೆದು ರಾತ್ರಿ 9:30ಕ್ಕೆ ಮುಚ್ಚುತ್ತದೆ. ಉಳಿದೆರಡು ರಾತ್ರಿ 11ರ ಆಚೆಗೂ ನಡೆಯುತ್ತವೆ. ಮೂರಕ್ಕೂ ಒಂದೇ ಬಿಲ್ಲಿಂಗ್ ಸಾಫ್ಟ್‌ವೇರ್, ಒಂದೇ ಸರ್ವರ್. ದಿನ 2025ರ ಜೂನ್ 14, ಶನಿವಾರ. ಮ್ಯಾನೇಜರ್ ಅದೇ ರಾತ್ರಿ 10:30ಕ್ಕೆ ಆ ದಿನದ ಮಾರಾಟದ ಫೈಲ್ ತೆಗೆದರು. ಲೆಕ್ಕದವರು ಮರುದಿನ ಬೆಳಗ್ಗೆ 11ಕ್ಕೆ ತೆಗೆದರು. ಲೆಕ್ಕ ಹಿಡಿಯಲು ಸುಲಭವಾಗಲಿ ಅಂತ ಅಂಕಿಗಳನ್ನು ಸಣ್ಣದಾಗಿ ಇಟ್ಟಿದ್ದೇನೆ.

```
ರಾತ್ರಿ ಫೈಲ್      412 ಬಿಲ್    ₹1,86,340
ಬೆಳಗಿನ ಫೈಲ್     431 ಬಿಲ್    ₹1,91,875
ವ್ಯತ್ಯಾಸ           19 ಬಿಲ್      ₹5,535
```

ಇಲ್ಲಿ ಹಳೇ ಲೆಕ್ಕಿಗರೊಬ್ಬರು ಇದ್ದರೆ ಮೊದಲು 5,535 ಅನ್ನು 9ರಿಂದ ಭಾಗಿಸಿ ನೋಡುತ್ತಾರೆ. ಭಾಗವಾಗುತ್ತದೆ, 615 ಬರುತ್ತದೆ. ಕೈಯಲ್ಲಿ ಬರೆಯುವಾಗ 54 ಬದಲು 45 ಅಂತ ಅಂಕಿ ಅದಲುಬದಲು ಮಾಡಿದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಆ ಉಪಾಯ ಅಲ್ಲಿಂದ ಬಂದದ್ದು. ಆದರೆ ಈ ಎರಡು ಫೈಲ್‌ಗಳನ್ನು ಯಾರೂ ಕೈಯಲ್ಲಿ ಟೈಪ್ ಮಾಡಿಲ್ಲ. ಯಾವ ಸಂಖ್ಯೆಯಾದರೂ ಒಂಬತ್ತರಲ್ಲಿ ಒಂದು ಸಲ ಸುಮ್ನೆ ಹೀಗೆ ಭಾಗವಾಗುತ್ತದೆ. ಆ ದಾರಿ ಹಿಡಿದರೆ ಅರ್ಧ ದಿನ ಹಾಳು.

ಮೊದಲು: ಎರಡೂ ಫೈಲ್ ಒಂದೇ ಪ್ರಶ್ನೆಗೆ ಉತ್ತರವೇ?

ಹೊತ್ತಿನ ವಿಷಯಕ್ಕೆ ಹೋಗುವ ಮುಂಚೆ ಇದನ್ನು ನೋಡಿಬಿಡಿ. ಎಕ್ಸ್‌ಪೋರ್ಟ್ ತೆಗೆಯುವಾಗ ಹಾಕಿದ ಫಿಲ್ಟರ್ ಎರಡರಲ್ಲೂ ಒಂದೇ ಇರಬೇಕು: ಅದೇ ಶಾಖೆಗಳು, ಅದೇ ತಾರೀಕು, ರದ್ದಾದ ಬಿಲ್ ಸೇರಿಸಿದೆಯೋ ಬಿಟ್ಟಿದೆಯೋ, ಮೊತ್ತದ ಕಾಲಂ ತೆರಿಗೆ ಸೇರಿದ್ದೋ ಸೇರದ್ದೋ.

ತೆರಿಗೆ ಕಾಲಂ ತಪ್ಪಿದ್ದರೆ ಪತ್ತೆ ಸುಲಭ. ಸಾಮಾನ್ಯ ಹೋಟೆಲ್ ಬಿಲ್‌ಗೆ ಜಿಎಸ್‌ಟಿ ಶೇ 5. ದೊಡ್ಡ ಟೋಟಲ್ ಅನ್ನು ಸಣ್ಣದರಿಂದ ಭಾಗಿಸಿದಾಗ 1.05 ಬಂದು, ಬಿಲ್ ಸಂಖ್ಯೆಯೂ ಎರಡರಲ್ಲಿ ಒಂದೇ ಇದ್ದರೆ ಅದು ಕಾಲಂ ಗೊಂದಲ; ಕಟ್-ಆಫ್, ಅಂದರೆ ಫೈಲ್ ತೆಗೆದ ಹೊತ್ತಿನಿಂದ ಬಂದ ವ್ಯತ್ಯಾಸ, ಅಲ್ಲ. ನಮ್ಮ ಕೇಸಿನಲ್ಲಿ 1.03ರ ಆಸುಪಾಸು ಬರುತ್ತದೆ, ಬಿಲ್ ಸಂಖ್ಯೆಯೂ ಬೇರೆ. ಹಾಗಾಗಿ ಮುಂದೆ ಹೋಗಬಹುದು.

ಇನ್ನೊಂದು ಮೋಸ ಶಾಖೆ ಮಟ್ಟದ ಲಾಗಿನ್‌ನದು. ಮ್ಯಾನೇಜರ್ ಲಾಗಿನ್‌ಗೆ ಎರಡೇ ಶಾಖೆ ಕಾಣುವ ಹಾಗೆ ಇದ್ದರೆ, ಅವರು "ಎಲ್ಲಾ ಶಾಖೆ" ಅಂತ ಒತ್ತಿದರೂ ಫೈಲ್‌ನಲ್ಲಿ ಎರಡೇ ಬರುತ್ತವೆ. ಸಾಫ್ಟ್‌ವೇರ್ ಒಂದು ಮಾತೂ ಹೇಳುವುದಿಲ್ಲ. ಶಾಖೆವಾರು ಒಂದು ಪಿವಟ್ ಹಾಕಿದರೆ ತಿಳಿದುಬಿಡುತ್ತದೆ.

ಟೋಟಲ್ ಬಿಡಿ, ಬಿಲ್ ನಂಬರ್ ಹಿಡಿಯಿರಿ

ಟೋಟಲ್ ನೋಡುತ್ತಾ ಕೂತರೆ ಏನೂ ಗೊತ್ತಾಗುವುದಿಲ್ಲ. ₹5,535 ಅನ್ನುವುದು ಕೂಡಿದ್ದು, ಕಳೆದದ್ದು ಎಲ್ಲ ಸೇರಿ ಉಳಿದ ಮೊತ್ತ. ಅಷ್ಟೇ ಬೆಲೆಯ ಬಿಲ್ ಹುಡುಕಿದರೆ ಸಿಗುವುದಿಲ್ಲ. ಸಿಕ್ಕರೆ ಅದೂ ಕಾಕತಾಳೀಯ.

ಎರಡೂ ಫೈಲ್ ಅನ್ನು ಒಂದೇ ಎಕ್ಸೆಲ್‌ನಲ್ಲಿ `ratri` ಮತ್ತು `belagge` ಅಂತ ಎರಡು ಶೀಟ್ ಮಾಡಿ ತನ್ನಿ. ಸಿಎಸ್‌ವಿ ಫೈಲ್ ಅನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಬಿಲ್ ನಂಬರ್ `3/12` ಅಂತ ಇದ್ದರೆ ಎಕ್ಸೆಲ್ ಅದನ್ನು ತಾರೀಕು ಅಂದುಕೊಂಡು ತಿರುಚುತ್ತದೆ. `0084` ಇದ್ದರೆ ಸೊನ್ನೆ ಹಾರಿಸಿ `84` ಮಾಡುತ್ತದೆ. ಡೇಟಾ ಮೆನುವಿನಿಂದ ತಂದು, ಬಿಲ್ ನಂಬರ್ ಕಾಲಂ ಅನ್ನು ಟೆಕ್ಸ್ಟ್ ಅಂತ ಗುರುತು ಮಾಡಿ. ಮೂರು ಶಾಖೆಗೂ 1842 ಅನ್ನುವ ನಂಬರ್ ಇರಬಹುದಾದ್ದರಿಂದ ಶಾಖೆಯ ಕೋಡ್ ಸೇರಿಸಿದ `BS/1842` ರೀತಿಯ ನಂಬರ್ ಬಳಸಿ.

ನಂತರ `ratri` ಶೀಟಿನ ಒಂದು ಖಾಲಿ ಕಾಲಂನಲ್ಲಿ:

```
=IF(COUNTIF(belagge!A:A, A2)=0, "ಇಲ್ಲ", "ಇದೆ")
```

ಇದನ್ನೇ ತಿರುಗಿಸಿ `belagge` ಶೀಟಿನಲ್ಲೂ ಹಾಕಿ. ಎರಡರಲ್ಲೂ ಇರುವ ಬಿಲ್‌ಗಳಿಗೆ ಮೊತ್ತದ ವ್ಯತ್ಯಾಸ ತೆಗೆಯಿರಿ; ಇಲ್ಲಿ ಬಿಲ್ ನಂಬರ್ A ಕಾಲಂನಲ್ಲಿ, ಮೊತ್ತ F ಕಾಲಂನಲ್ಲಿದೆ:

```
=XLOOKUP(A2, belagge!A:A, belagge!F:F) - F2
```

ಈಗ ಮೂರು ಗುಂಪು ಸಿಗುತ್ತವೆ. ಬೆಳಗಿನ ಫೈಲ್‌ನಲ್ಲಿ ಮಾತ್ರ ಇರುವವು 23 ಬಿಲ್, ₹6,630. ರಾತ್ರಿ ಫೈಲ್‌ನಲ್ಲಿ ಮಾತ್ರ ಇರುವವು 4 ಬಿಲ್, ₹860. ಎರಡರಲ್ಲೂ ಇದ್ದು ಮೊತ್ತ ಬದಲಾದವು 2 ಬಿಲ್, ಒಟ್ಟು ₹235 ಕಡಿಮೆ. ಬಿಲ್ ಸಂಖ್ಯೆಗೆ 412 + 23 − 4 = 431. ಮೊತ್ತಕ್ಕೆ 1,86,340 + 6,630 − 860 − 235 = 1,91,875. ಲೆಕ್ಕ ತಾಳೆಯಾಯಿತು.

ತುಂಬಾ ಜನ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ. ಎಲ್ಲಿ ವ್ಯತ್ಯಾಸ ಇದೆ ಅನ್ನುವುದಷ್ಟೇ ಈಗ ಗೊತ್ತಾಗಿರುವುದು. ಯಾಕೆ ಅನ್ನುವುದು ಗೊತ್ತಾಗಿಲ್ಲ. ಬಿಲ್ ಕದ್ದಿದ್ದರೂ, ಸಾಫ್ಟ್‌ವೇರ್ ಸಾಲುಗಳನ್ನು ನುಂಗಿದ್ದರೂ ಈ ಕೂಡು ಕಳೆ ಹೀಗೆಯೇ ತಾಳೆಯಾಗುತ್ತಿತ್ತು.

ಒಂದು ಬಿಲ್‌ಗೆ ಮೂರು ಗಡಿಯಾರ

ಇಡೀ ವಿಷಯದ ತಿರುಳು ಇದು. ಒಂದು ಬಿಲ್‌ಗೆ ಕಡಿಮೆ ಅಂದರೂ ಮೂರು ಸಮಯ ಇರುತ್ತವೆ. ಕೌಂಟರ್‌ನಲ್ಲಿ ಬಿಲ್ ಮಾಡಿದ ಸಮಯ, ಅದು ಸರ್ವರ್ ತಲುಪಿದ ಸಮಯ, ಅದನ್ನು ಕೊನೆಯ ಸಲ ತಿದ್ದಿದ ಸಮಯ. ಈ ಉದಾಹರಣೆಯಲ್ಲಿ ಆ ಕಾಲಂಗಳನ್ನು `bill_time`, `synced_at`, `updated_at` ಅಂತ ಕರೆಯೋಣ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಹೆಸರು ಬೇರೆ ಇರಬಹುದು. ವರದಿಯಲ್ಲಿ ನೀವು ಆರಿಸುವ ತಾರೀಕು ಮೊದಲ ಗಡಿಯಾರಕ್ಕೆ ಸೇರಿದ್ದು. ಆದರೆ ರಾತ್ರಿ 10:30ಕ್ಕೆ ಸರ್ವರ್ ಕೈಯಲ್ಲಿ ಏನಿತ್ತು ಅನ್ನುವುದನ್ನು ತೀರ್ಮಾನಿಸುವುದು ಉಳಿದ ಎರಡು. ಗೊಂದಲ ಹುಟ್ಟುವುದೇ ಇಲ್ಲಿ.

ಆದ್ದರಿಂದ ಪರೀಕ್ಷೆ ಹೀಗೆ: ವ್ಯತ್ಯಾಸ ತೋರಿಸಿದ ಪ್ರತಿ ಬಿಲ್‌ನ ಮೂರು ಸಮಯಗಳಲ್ಲಿ ಒಂದಾದರೂ ರಾತ್ರಿ 10:30 ಮತ್ತು ಬೆಳಗ್ಗೆ 11ರ ನಡುವೆ ಬೀಳಬೇಕು. ಮೂರೂ 10:30ಕ್ಕಿಂತ ಮುಂಚಿನದಾಗಿದ್ದರೆ ಆ ಬಿಲ್ ರಾತ್ರಿ ಫೈಲ್‌ನಲ್ಲೂ ಹಾಗೇ ಇರಬೇಕಿತ್ತು. ಇಲ್ಲವೆಂದರೆ ದೋಷ ಸಿಕ್ಕಿತು ಅಂತ ಅರ್ಥ.

ನಮ್ಮ 23 ಬಿಲ್‌ಗಳಿಗೆ ಇದನ್ನು ಹಚ್ಚಿ ನೋಡೋಣ. 14 ಬಿಲ್‌ಗಳ `bill_time` 10:30ರ ನಂತರದ್ದು. ಊಟ ಮುಗಿಸಿ ಎದ್ದ ಕೊನೆಯ ಟೇಬಲ್‌ಗಳು, ಪಾರ್ಸೆಲ್‌ಗಳು, ₹3,920. ಇವುಗಳ ಬಗ್ಗೆ ತಲೆಕೆಡಿಸಿಕೊಳ್ಳುವುದು ಏನೂ ಇಲ್ಲ.

ಉಳಿದ 9 ಬಿಲ್, ₹2,710, ನೋಡಿದ ಕೂಡಲೇ ಅನುಮಾನ ಹುಟ್ಟಿಸುತ್ತವೆ. ಎಲ್ಲವೂ ಬಸ್ ಸ್ಟ್ಯಾಂಡ್ ಶಾಖೆಯವು. `bill_time` 8:40ರಿಂದ 9:30ರ ಒಳಗೆ. ರಾತ್ರಿ ಫೈಲ್ ತೆಗೆಯುವ ಒಂದು ಗಂಟೆ ಮುಂಚೆಯೇ ಆ ಶಾಖೆ ಬಾಗಿಲು ಹಾಕಿತ್ತು. ಹಾಗಿದ್ದರೂ ಅವು ಯಾಕೆ ಬರಲಿಲ್ಲ? ಉತ್ತರ `synced_at` ಕಾಲಂನಲ್ಲಿದೆ: ಒಂಬತ್ತಕ್ಕೂ ರಾತ್ರಿ 11:05. ಶಾಖೆಯಲ್ಲಿ ನೆಟ್ ಹೋಗಿತ್ತು. ಕೌಂಟರ್ ಆಫ್‌ಲೈನ್‌ನಲ್ಲಿ ಬಿಲ್ ಮಾಡುತ್ತಾ ಹೋಯಿತು. ನೆಟ್ ಬಂದಾಗ ಒಂಬತ್ತೂ ಒಟ್ಟಿಗೆ ಮೇಲೆ ಹೋದವು. 10:30ಕ್ಕೆ ಸರ್ವರ್‌ಗೆ ಅವುಗಳ ಸುದ್ದಿಯೇ ಇರಲಿಲ್ಲ.

ಕೆಲವು ಸಾಫ್ಟ್‌ವೇರ್‌ಗಳು ಎಕ್ಸ್‌ಪೋರ್ಟ್‌ನಲ್ಲಿ ಸರ್ವರ್ ತಲುಪಿದ ಸಮಯವನ್ನು ಕೊಡುವುದೇ ಇಲ್ಲ. ಆಗ ಬಿಲ್ ನಂಬರ್‌ನ ಸಾಲು ನೋಡಿ. ಜಿಎಸ್‌ಟಿ ನಿಯಮದಂತೆ ಇನ್‌ವಾಯ್ಸ್ ನಂಬರ್ ಒಂದಾದ ಮೇಲೆ ಒಂದರಂತೆ ಬರಬೇಕು, ಹಾಗಾಗಿ ಇದು ನಂಬಬಹುದಾದ ಸುಳಿವು. ರಾತ್ರಿ ಫೈಲ್‌ನಲ್ಲಿ ಆ ಶಾಖೆಯ ಕೊನೆಯ ನಂಬರ್ `BS/1842`. ಬೆಳಗಿನ ಫೈಲ್‌ನಲ್ಲಿ `BS/1851`. ಕಾಣೆಯಾದದ್ದು 1843ರಿಂದ 1851ರ ತನಕ ಒಂದೇ ಸಾಲು. ನೆಟ್ ಹೋದಾಗ ಬಿಲ್‌ಗಳು ಹೀಗೆ ಸಾಲಾಗಿ ಕಾಣೆಯಾಗುತ್ತವೆ. ಬದಲಿಗೆ 1807, 1819, 1833 ಅಂತ ಅಲ್ಲೊಂದು ಇಲ್ಲೊಂದು ಕಾಣೆಯಾಗಿದ್ದರೆ ಅದಕ್ಕೆ ನೆಟ್ ಕಾರಣ ಅಂತ ಒಪ್ಪಿಕೊಳ್ಳಬೇಡಿ. ಸಾಲಾಗಿ ಕೊನೆಯಲ್ಲಿ ಬಿಟ್ಟುಹೋದದ್ದು ಫೈಲ್‌ನಲ್ಲಿ ಕಿಂಡಿಯ ಹಾಗೆ ಕಾಣುವುದೂ ಇಲ್ಲ; ಪಟ್ಟಿ ಬೇಗ ಮುಗಿದಂತೆ ಕಾಣುತ್ತದೆ ಅಷ್ಟೆ. ಅದಕ್ಕೇ ಪ್ರತಿ ಶಾಖೆಯ ಕೊನೆಯ ನಂಬರ್ ಅನ್ನು ಬೇರೆಯಾಗಿ ನೋಡಬೇಕು.

ರಾತ್ರಿ ಫೈಲ್‌ನಲ್ಲಿ ಮಾತ್ರ ಇದ್ದ 4 ಬಿಲ್ ಆಮೇಲೆ ರದ್ದಾದವು. ಎಕ್ಸ್‌ಪೋರ್ಟ್ ರದ್ದಾದವನ್ನು ಬಿಟ್ಟು ತೆಗೆಯುವುದರಿಂದ ಬೆಳಗ್ಗೆ ಕಾಣಲಿಲ್ಲ. ಆದರೆ ಊಹೆ ಮಾಡಿ ಸುಮ್ಮನಾಗಬೇಡಿ. "ರದ್ದಾದವೂ ಸೇರಿ" ಅಂತ ಫಿಲ್ಟರ್ ಬದಲಿಸಿ ಇನ್ನೊಂದು ಸಲ ತೆಗೆದು, ಆ ನಾಲ್ಕೂ ನಂಬರ್ ರದ್ದು ಅಂತ ಗುರುತಾಗಿ ಅಲ್ಲಿವೆಯೇ ನೋಡಿ. ಮೂರು ಬಿಲ್ ರಾತ್ರಿ 10:50ಕ್ಕೆ ರದ್ದು, ಒಂದೇ ಟೇಬಲ್‌ಗೆ ಎರಡೆರಡು ಸಲ ಬಿಲ್ ಆಗಿತ್ತು. ಇನ್ನೊಂದು ಬೆಳಗ್ಗೆ 9:15ಕ್ಕೆ ರದ್ದು. ಕೊನೆಯದನ್ನು ಯಾರು, ಯಾರ ಲಾಗಿನ್‌ನಿಂದ ಮಾಡಿದರು ಅಂತ ಕೇಳಿಕೊಳ್ಳಿ. ಕಟ್-ಆಫ್ ದೃಷ್ಟಿಯಿಂದ ಅದು ಸರಿಯಾದ ವ್ಯತ್ಯಾಸವೇ. ಆದರೆ ನಗದು ಬಿಲ್ ಅನ್ನು ಮರುದಿನ ರದ್ದು ಮಾಡಿದ್ದಕ್ಕೆ ಗಲ್ಲಾಪೆಟ್ಟಿಗೆ ಕಡೆಯಿಂದ ಬೇರೆ ವಿವರಣೆ ಬೇಕು. ಒಂದು ಸಾಲು ಎಕ್ಸ್‌ಪೋರ್ಟ್ ಪರೀಕ್ಷೆಯಲ್ಲಿ ಪಾಸಾದರೆ ವ್ಯವಹಾರದಲ್ಲೂ ಪಾಸಾಯಿತು ಅಂತಲ್ಲ.

ಬದಲಾದ ಎರಡರಲ್ಲಿ ಒಂದು ₹640 ಇದ್ದದ್ದು ₹520 ಆಗಿದೆ, ಒಂದು ಐಟಂ ತೆಗೆದಿದ್ದಾರೆ. ಇನ್ನೊಂದು ₹1,150ರಿಂದ ₹1,035 ಆಗಿದೆ, ಶೇ 10 ರಿಯಾಯಿತಿ ಆಮೇಲೆ ಹಾಕಿದ್ದಾರೆ. ಎರಡರ `updated_at` ಕೂಡ ರಾತ್ರಿ 10:30ರಿಂದ ಬೆಳಗ್ಗೆ 11ರ ನಮ್ಮ ಕಿಟಕಿಯೊಳಗೇ ಇದೆ.

ಟೋಟಲ್ ನೋಡುವವರ ಕಣ್ಣಿಗೆ ಎಂದೂ ಬೀಳದ ಇನ್ನೊಂದು ಸಾಲು ಇದೆ. ₹480ರ ಒಂದು ಬಿಲ್ ರಾತ್ರಿ ನಗದು ಅಂತಿತ್ತು, ಬೆಳಗ್ಗೆ ಯುಪಿಐ ಆಗಿದೆ. ಕ್ಯಾಷಿಯರ್ ಮೊದಲು ತಪ್ಪು ಒತ್ತಿ ಆಮೇಲೆ ಸರಿ ಮಾಡಿದ್ದಾರೆ. ಒಟ್ಟು ಮೊತ್ತಕ್ಕೆ ಏನೂ ಆಗಿಲ್ಲ, ಆದರೆ ಗಲ್ಲಾಪೆಟ್ಟಿಗೆ ಎಣಿಸುವವರಿಗೆ ₹480 ವ್ಯತ್ಯಾಸ ಬರುತ್ತದೆ. ಮೊತ್ತದ ಕಾಲಂ ಹೋಲಿಸಿದ ಹಾಗೆಯೇ ಪಾವತಿ ವಿಧಾನದ ಕಾಲಂ ಕೂಡ ಹೋಲಿಸಿ.

ಗಡಿಯಾರವೇ ಸುಳ್ಳು ಹೇಳಿದಾಗ

ಈ ಪರೀಕ್ಷೆ ಎರಡು ಕಡೆ ಕೈಕೊಡುತ್ತದೆ.

ಒಂದು, `updated_at` ಎಲ್ಲದಕ್ಕೂ ಬದಲಾಗಿಬಿಡುವುದು. ಕೆಲವು ಸಾಫ್ಟ್‌ವೇರ್‌ಗಳಲ್ಲಿ ಬಿಲ್ ಅನ್ನು ಮತ್ತೆ ಪ್ರಿಂಟ್ ತೆಗೆದರೂ ಆ ಸಮಯ ಬದಲಾಗುತ್ತದೆ. ಇನ್ನು ಕೆಲವದರಲ್ಲಿ ರಾತ್ರಿ 2ಕ್ಕೋ 3ಕ್ಕೋ ಡೇ ಕ್ಲೋಸ್ ಓಡಿ, ದಿನದ ಎಲ್ಲಾ ಬಿಲ್‌ಗಳನ್ನು ಮುಟ್ಟಿ ಹೋಗುತ್ತದೆ. ಆಗ 431 ಬಿಲ್‌ಗೂ `updated_at` ಕಿಟಕಿಯೊಳಗೆ ಬಿದ್ದುಬಿಡುತ್ತದೆ. ಎಲ್ಲ ಬಿಲ್ಲೂ ಪಾಸಾಗುವ ಪರೀಕ್ಷೆಯಿಂದ ಏನೂ ಸಾಬೀತಾಗುವುದಿಲ್ಲ. ಪತ್ತೆ ಮಾಡುವುದು ಸುಲಭ: ವ್ಯತ್ಯಾಸ ಇಲ್ಲದ ಬಿಲ್‌ಗಳ `updated_at` ನೋಡಿ. ಅವೂ ಒಂದೇ ನಿಮಿಷದಲ್ಲಿ ಗುಂಪಾಗಿದ್ದರೆ ಆ ಕಾಲಂ ಬಿಟ್ಟು, ಸಾಫ್ಟ್‌ವೇರ್‌ನ ಎಡಿಟ್ ಲಾಗ್‌ನಲ್ಲಿ ಆಯಾ ಬಿಲ್‌ನ ಇತಿಹಾಸ ತೆಗೆಯಿರಿ.

ಎರಡು, ಕೌಂಟರ್ ಕಂಪ್ಯೂಟರ್‌ನ ಗಡಿಯಾರ. `bill_time` ಅಲ್ಲಿಂದ ಬರುತ್ತದೆ. ಹಳೇ ಕಂಪ್ಯೂಟರ್‌ನ ಒಳಗಿನ ಸಣ್ಣ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಗಡಿಯಾರ ಎಲ್ಲೋ ಹೋಗಿರುತ್ತದೆ. ಗಡಿಯಾರ ಮುಂದಿದ್ದರೆ ಬಿಲ್ ಮಾಡುವ ಮುಂಚೆಯೇ ಅದು ಸರ್ವರ್ ತಲುಪಿದ ಹಾಗೆ ಕಾಣುತ್ತದೆ. `synced_at` ಸಮಯ `bill_time` ಗಿಂತ ಹಿಂದಿನದು ಅಂತ ಒಂದು ಸಾಲು ಕಂಡರೂ ಮೊದಲು ಆ ಕೌಂಟರ್‌ನ ಗಡಿಯಾರ ನೋಡಿ.

ಮೊಬೈಲ್ ಆ್ಯಪ್‌ನ ಮೂರನೇ ಲೆಕ್ಕ

ಇಷ್ಟೆಲ್ಲ ಸರಿ ಮಾಡಿದ ಮೇಲೆ ಮಾಲೀಕರು ತಮ್ಮ ಮೊಬೈಲ್ ತೋರಿಸುತ್ತಾರೆ. ಅದರಲ್ಲಿ 14ನೇ ತಾರೀಕಿಗೆ ₹1,91,205 ಇದೆ. ಬೆಳಗಿನ ಫೈಲ್‌ಗಿಂತ ₹670 ಕಡಿಮೆ. ಎಷ್ಟು ಸಲ ರಿಫ್ರೆಶ್ ಮಾಡಿದರೂ ಅಷ್ಟೇ.

ಇಲ್ಲಿ ಬೇರೆಯಾಗಿರುವುದು ಫೈಲ್ ತೆಗೆದ ಹೊತ್ತಲ್ಲ, ದಿನದ ಗಡಿ. ಆ್ಯಪ್‌ನ ಸರ್ವರ್ ಯುಟಿಸಿ ಸಮಯದಲ್ಲಿ ದಿನ ಕತ್ತರಿಸುತ್ತಿದೆ. ನಮ್ಮ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಹಾಗಾಗಿ ಅದರ 14ನೇ ತಾರೀಕು ನಮಗೆ 14ರ ಬೆಳಗ್ಗೆ 5:30ಕ್ಕೆ ಶುರುವಾಗಿ 15ರ ಬೆಳಗ್ಗೆ 5:30ಕ್ಕೆ ಮುಗಿಯುತ್ತದೆ. ಬೆಳಗ್ಗೆ 6ಕ್ಕೆ ತೆರೆದು ರಾತ್ರಿ 11:30ಕ್ಕೆ ಮುಚ್ಚುವ ಹೋಟೆಲ್‌ಗೆ ಇದು ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಆ ಗಡಿಯ ಹತ್ತಿರ ಬಿಲ್ಲೇ ಇರುವುದಿಲ್ಲ. ನಮ್ಮ ಬಸ್ ಸ್ಟ್ಯಾಂಡ್ ಶಾಖೆ 5ಕ್ಕೆ ತೆರೆಯುತ್ತದೆ. ಮೊದಲ ಬಸ್ಸಿನವರು ಕುಡಿದ ಕಾಫಿ, ತಿಂದ ಇಡ್ಲಿ ಎಲ್ಲ ಆ್ಯಪ್‌ನಲ್ಲಿ ಹಿಂದಿನ ದಿನಕ್ಕೆ ಹೋಗುತ್ತವೆ. 14ರ ಆ ಅರ್ಧ ಗಂಟೆಯ ₹2,140 ಹೊರಗೆ ಹೋಯಿತು. 15, ಭಾನುವಾರದ ಅರ್ಧ ಗಂಟೆಯ ₹1,470 ಒಳಗೆ ಬಂತು. ನಿವ್ವಳ ₹670 ಕಡಿಮೆ.

ಫೈಲ್‌ನಲ್ಲಿ ಸಮಯ `2025-06-13T23:42:00Z` ಅಂತ ಇದ್ದು ಕೊನೆಯಲ್ಲಿ `Z` ಕಂಡರೆ ಅದು ಯುಟಿಸಿ. ನಮ್ಮ ಲೆಕ್ಕದಲ್ಲಿ ಅದು 14ರ ಬೆಳಗ್ಗೆ 5:12. ಸಮಯ C ಕಾಲಂನಲ್ಲಿದ್ದರೆ ಹೀಗೆ ಬದಲಿಸಿ:

```
=DATEVALUE(LEFT(C2,10)) + TIMEVALUE(MID(C2,12,8)) + TIME(5,30,0)
```

ಇಡೀ ಫೈಲ್‌ಗೆ ಇದನ್ನು ಹಾಕಿದ ಮೇಲೆ ತಾರೀಕು ಫಿಲ್ಟರ್ ಮಾಡಿ. ಆದರೆ ಆ್ಯಪ್‌ನಿಂದ 14ನೇ ತಾರೀಕಿನ ಫೈಲ್ ಒಂದೇ ತೆಗೆದರೆ ಸಾಲದು, 5ರಿಂದ 5:30ರ ಬಿಲ್‌ಗಳು ಅದರಲ್ಲಿ ಇರುವುದೇ ಇಲ್ಲ. 13ನೇ ತಾರೀಕಿನದನ್ನೂ ತೆಗೆದು ಸೇರಿಸಿ. ಗಡಿಯ ದೋಷವನ್ನು ಗುರುತಿಸಲು ಇನ್ನೊಂದು ದಾರಿ ಇಡೀ ತಿಂಗಳು ಹೋಲಿಸುವುದು. ದಿನದಿನದ ಟೋಟಲ್ ತಪ್ಪುತ್ತಾ ಇದ್ದರೂ ತಿಂಗಳ ಟೋಟಲ್ ಹತ್ತಿರ ಹತ್ತಿರ ಬರುತ್ತದೆ. ಜೂನ್ 1ರ ಅರ್ಧ ಗಂಟೆಯೂ ಜುಲೈ 1ರ ಅರ್ಧ ಗಂಟೆಯೂ ಮಾತ್ರ ಉಳಿಯುತ್ತವೆ.

ಹೊತ್ತಿನ ನೆಪಕ್ಕೆ ಬಗ್ಗದ ವ್ಯತ್ಯಾಸಗಳು

ಮೂರು ಗಡಿಯಾರವೂ 10:30ಕ್ಕಿಂತ ಮುಂಚೆ ಇದ್ದು ಬಿಲ್ ಕಾಣೆಯಾಗಿದ್ದರೆ ಮೊದಲು ಫೈಲ್‌ನ ಸಾಲು ಎಣಿಸಿ. ಸರಿಯಾಗಿ 500, 1000, 5000 ಹೀಗೆ ಗುಂಡು ಸಂಖ್ಯೆ ಬಂದರೆ ಎಕ್ಸ್‌ಪೋರ್ಟ್ ಮಿತಿಗೆ ತಾಗಿ ಅಲ್ಲಿಗೆ ನಿಂತಿರುವ ಸಾಧ್ಯತೆ ಜಾಸ್ತಿ. ಬಿಲ್ ಸಂಖ್ಯೆ ಸರಿ ಇದ್ದು ಮೊತ್ತ ಮಾತ್ರ ಜಾಸ್ತಿ ಬಂದರೆ ಒಂದೇ ನಂಬರ್ ಎರಡು ಸಲ ಇದೆಯೇ ನೋಡಿ. ಅರ್ಧ ನಗದು, ಅರ್ಧ ಯುಪಿಐ ಕೊಟ್ಟ ಬಿಲ್‌ಗೆ ಕೆಲವು ಎಕ್ಸ್‌ಪೋರ್ಟ್‌ಗಳು ಎರಡು ಸಾಲು ಬರೆದು, ಎರಡರಲ್ಲೂ ಪೂರ್ತಿ ಮೊತ್ತ ಹಾಕುತ್ತವೆ. ಇವೆರಡೂ ಕಟ್-ಆಫ್‌ನಿಂದ ಬರುವುದಿಲ್ಲ, ಸಾಫ್ಟ್‌ವೇರ್‌ನವರಿಗೆ ಕಳಿಸಬೇಕಾದ ದೂರುಗಳು. ಕಳಿಸುವಾಗ ಬಿಲ್ ನಂಬರ್ ಮತ್ತು ಮೂರೂ ಸಮಯ ಸೇರಿಸಿ. "ಟೋಟಲ್ ಹೊಂದುತ್ತಿಲ್ಲ" ಅಂತ ಮಾತ್ರ ಬರೆದರೆ ಅವರು ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಿ ನೋಡಿ ಅಂತ ಹೇಳಿ ಮುಗಿಸುತ್ತಾರೆ.

ಮಾಲೀಕರಿಗೆ ಕಳಿಸುವ ವಿವರಣೆ

ಎಕ್ಸೆಲ್ ಶೀಟ್ ಕಳಿಸಿದರೆ ಯಾರೂ ಓದುವುದಿಲ್ಲ. ಇಷ್ಟು ಸಾಕು:

```
14-06 ಮಾರಾಟ, ರಾತ್ರಿ 10:30ರ ಲೆಕ್ಕ          1,86,340
ಕೂಡಿ: 10:30ರ ನಂತರದ 14 ಬಿಲ್                3,920
ಕೂಡಿ: ನೆಟ್ ಇಲ್ಲದೆ ತಡವಾಗಿ ಬಂದ 9 ಬಿಲ್       2,710
ಕಳೆ: ಆಮೇಲೆ ರದ್ದಾದ 4 ಬಿಲ್                     860
ಕಳೆ: ಮೊತ್ತ ತಿದ್ದಿದ 2 ಬಿಲ್                     235
14-06 ಮಾರಾಟ, 15ರ ಬೆಳಗ್ಗೆ 11ರ ಲೆಕ್ಕ         1,91,875
```

"ಇತರೆ ವ್ಯತ್ಯಾಸ" ಅಂತ ಒಂದು ಸಾಲು ಸೇರಿಸಿ ಹೊಂದಿಸುವ ಆಸೆ ಬರುತ್ತದೆ, ಅದರಲ್ಲೂ ಉಳಿದದ್ದು ಹತ್ತಿಪ್ಪತ್ತು ರೂಪಾಯಿ ಆದಾಗ. ಹಾಕಬೇಡಿ. ಆ ಹತ್ತು ರೂಪಾಯಿ ₹900ರ ಒಂದು ತಪ್ಪೂ ₹890ರ ಇನ್ನೊಂದು ತಪ್ಪೂ ಒಂದನ್ನೊಂದು ಮುಚ್ಚಿಹಾಕಿದ್ದರಿಂದ ಬಂದಿರಬಹುದು.

ಮುಂದಕ್ಕೆ ಫೈಲ್ ಹೆಸರಿನಲ್ಲೇ ತೆಗೆದ ಹೊತ್ತು ಬರೆಯಿರಿ: `sales_2025-06-14_asof_0614-2230.csv`. ಹೆಸರಿನಲ್ಲಿ ಮಾರಾಟದ ತಾರೀಕು ಮಾತ್ರ ಇದ್ದರೆ ಆರು ತಿಂಗಳಾದ ಮೇಲೆ ಯಾವುದು ರಾತ್ರಿಯದು, ಯಾವುದು ಬೆಳಗಿನದು ಹೇಳಲು ಆಗುವುದಿಲ್ಲ. ಡೌನ್‌ಲೋಡ್ ಮಾಡಿದ ಸಮಯವನ್ನು ಕಂಪ್ಯೂಟರ್ ತೋರಿಸುತ್ತದಲ್ಲ ಅನ್ನಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೈಲ್ ಉಳಿಸಿದರೆ ಆ ಕಂಪ್ಯೂಟರ್ ತೋರಿಸುವುದು ಉಳಿಸಿದ ಹೊತ್ತನ್ನು, ತೆಗೆದ ಹೊತ್ತನ್ನಲ್ಲ.

ಬೆಳಗಿನ ಫೈಲ್ ಕೂಡ ಕೊನೆಯದಲ್ಲ. 16ಕ್ಕೆ ಯಾರೋ 14ರ ಬಿಲ್ ರದ್ದು ಮಾಡಿದರೆ ಅದೂ ಹಳತಾಗುತ್ತದೆ. ಸಾಫ್ಟ್‌ವೇರ್‌ನಲ್ಲಿ ದಿನ ಲಾಕ್ ಮಾಡುವ ಸೌಲಭ್ಯ ಇದ್ದರೆ ಮರುದಿನ ಮಧ್ಯಾಹ್ನಕ್ಕೆ, ಮೂರೂ ಶಾಖೆಯ ಕೊನೆಯ ಬಿಲ್ ನಂಬರ್ ಅನ್ನು ಕೌಂಟರ್‌ನವರಿಂದ ಕೇಳಿ ತಾಳೆ ನೋಡಿದ ಮೇಲೆ ಲಾಕ್ ಮಾಡಿ. ಆಮೇಲೆ ಏನಾದರೂ ತಿದ್ದಬೇಕಾದರೆ ಹಳೇ ಬಿಲ್ ಮುಟ್ಟದೆ ಅಂದಿನ ತಾರೀಕಿಗೆ ಕ್ರೆಡಿಟ್ ನೋಟ್ ಮಾಡಬೇಕು. ತಿಂಗಳಿಗೊಮ್ಮೆ ಜಿಎಸ್‌ಟಿಆರ್-1 ಹಾಕುವವರಿಗೆ ಮುಂದಿನ ತಿಂಗಳ 11 ಗಡುವು. ಅದನ್ನು ಹಾಕಿದ ಮೇಲೂ ಹಿಂದಿನ ತಿಂಗಳ ಬಿಲ್ ರದ್ದು ಮಾಡಲು ಸಾಫ್ಟ್‌ವೇರ್ ಬಿಡುತ್ತಿದ್ದರೆ ಆ ಅನುಮತಿಯನ್ನು ಕ್ಯಾಷಿಯರ್ ಲಾಗಿನ್‌ಗಳಿಂದ ತೆಗೆಸಿಬಿಡಿ.